ಮೇಲ್ ಹಾಕಿದ್ದೆವಲ್ಲ!

ಸಭೆಗೆ ಬಾರದವರಿಗೆ ಸಾರಾಂಶದ ಮೇಲ್ ಹಾಕಿದರೆ ತಿಳಿಸಿದಂತಾಯಿತು, ಅವರು ತಿರುಗಿ ಬರೆಯದಿದ್ದರೆ ಒಪ್ಪಿದಂತಾಯಿತು ಎಂಬ ಮಾತನ್ನು ನಮ್ಮ ಕಚೇರಿಗಳಲ್ಲಿ ಈಗ ಯಾರೂ ಪ್ರಶ್ನಿಸುವುದಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ತಿಂಗಳಲ್ಲೇ ಇದನ್ನು ಕಲಿಸುತ್ತಾರೆ. ತೀರ್ಮಾನ, ಯಾರ ಹೊಣೆ, ಕೊನೆಯ ದಿನಾಂಕ ಎಂದು ಮೂರು ಕಾಲಂ ಹಾಕು, ಕೆಳಗೆ ಮುಂದಿನ ಸಭೆಯ ದಿನ ಬರೆ, ಎಲ್ಲರನ್ನೂ ಸಿಸಿಯಲ್ಲಿ ಸೇರಿಸು, ಕೊನೆಗೆ ‘24 ಗಂಟೆಯೊಳಗೆ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆಯಿದೆ ಎಂದು ಭಾವಿಸಲಾಗುವುದು’ ಎಂಬ ಸಾಲು ಸೇರಿಸು. ಅಲ್ಲಿಗೆ ಕೆಲಸ ಮುಗಿಯಿತು, ನಾಳೆ ಏನಾದರೂ ಎಡವಟ್ಟಾದರೆ ತೋರಿಸಲು ದಾಖಲೆ ಇದೆ.

ದಾಖಲೆ ಇದೆ, ನಿಜ. ಆದರೆ ಅದು ಯಾರ ಕೈಯಲ್ಲಿದೆ, ಯಾರ ವಿರುದ್ಧ ಇದೆ ಎಂದು ನೋಡಿ. ಸಭೆಯಲ್ಲಿ ಕೂತವರ ಕೈಯಲ್ಲಿದೆ, ಬಾರದವರ ವಿರುದ್ಧ ಇದೆ. ಬಾರದವರ ಅನುಕೂಲಕ್ಕೆಂದು ಹೇಳಿಕೊಂಡು ಬರೆಯುವ ಈ ಪತ್ರವನ್ನು ನಾವು ಅವರಿಗಾಗಿ ಬರೆಯುವುದೇ ಇಲ್ಲ. ಬಂದವರ ರಕ್ಷಣೆಗೆ ಬರೆಯುತ್ತೇವೆ. ಕೋರ್ಟಿನ ಅಮೀನ ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲಿಗೆ ಸಮನ್ಸ್ ಅಂಟಿಸಿ ಹೋಗುತ್ತಾನಲ್ಲ, ಮುಕ್ಕಾಲು ಪಾಲು ಸಾರಾಂಶದ ಮೇಲ್‌ಗಳು ಮಾಡುವುದು ಅಷ್ಟೇ ಕೆಲಸ. ಬಾರದವನ ಹೆಗಲಿಗೆ ಅವನನ್ನು ಕೇಳದೆ ಕೆಲಸ ಹೊರಿಸುವ ಅಧಿಕಾರ ಯಾವ ಮೇಲ್‌ಗೂ ಇಲ್ಲ ಎಂಬುದು ನನ್ನ ವಾದ. ಹಾಗೆ ಹೊರಿಸಿದ ಕೆಲಸ ಆಗುವುದೂ ಇಲ್ಲ.

ಒಂದು ಪ್ರಸಂಗವನ್ನು ವಿವರವಾಗಿಯೇ ನೋಡೋಣ. ಕಂಪನಿಯ ಹೆಸರು ಬೇಡ. ಪೀಣ್ಯದಲ್ಲಿ ಬಾಡಿಗೆಯ ಗೋಡೌನ್ ಇಟ್ಟುಕೊಂಡು ಬಿಡಿಭಾಗಗಳ ವ್ಯಾಪಾರ ಮಾಡುವ ಮಧ್ಯಮ ಗಾತ್ರದ ಸಂಸ್ಥೆ. ಜಾಗ ಸಾಲದೆ ದಾಬಸ್‌ಪೇಟೆಯ ಕಡೆ ಹೊಸ ಗೋಡೌನ್ ನೋಡಿದ್ದರು. ಜೂನ್ 12, ಗುರುವಾರ, ಸಭೆ. ಗೋಡೌನ್ ಮ್ಯಾನೇಜರ್, ಡಿಸ್ಪ್ಯಾಚ್ ನೋಡಿಕೊಳ್ಳುವವರು, ಆಡಳಿತ ವಿಭಾಗದ ಮೇಡಂ, ಸೇಲ್ಸ್‌ನವರು, ಜನರಲ್ ಮ್ಯಾನೇಜರ್ ಎಲ್ಲರೂ ಇದ್ದರು. ಅಕೌಂಟೆಂಟ್ ಮಾತ್ರ ಇರಲಿಲ್ಲ. ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದರು, ರಜೆ ಮೊದಲೇ ಮಂಜೂರಾಗಿತ್ತು. ಜೂನ್ 30ಕ್ಕೆ ಹಳೆಯ ಗೋಡೌನ್ ಖಾಲಿ ಮಾಡುವುದು, 28ರಂದು ಸ್ಟಾಕ್ ಎಣಿಕೆ, ಜುಲೈ 1ರಿಂದ ಹೊಸ ಜಾಗದಿಂದಲೇ ಮಾಲು ಕಳಿಸುವುದು ಎಂದು ತೀರ್ಮಾನವಾಯಿತು. ಏಳುವ ಹೊತ್ತಿಗೆ ಯಾರೋ ‘ಜಿಎಸ್‌ಟಿಯಲ್ಲಿ ಅಡ್ರೆಸ್ ಸೇರಿಸಬೇಕಲ್ವಾ’ ಎಂದರು. ‘ಹೌದು, ಅದು ಅಕೌಂಟ್ಸ್‌ನವರು ನೋಡ್ಕೋತಾರೆ’ ಎಂದು ಇನ್ಯಾರೋ ಅಂದರು. ಅಂದು ಸಂಜೆಯೇ ಎಲ್ಲರಿಗೂ ಮೇಲ್ ಹೋಯಿತು. ಹನ್ನೊಂದು ಸಾಲುಗಳಿದ್ದ ಆ ಪಟ್ಟಿಯ ಒಂಬತ್ತನೆಯ ಸಾಲು ಹೀಗಿತ್ತು:

ಜಿಎಸ್‌ಟಿ – ಹೊಸ ವಿಳಾಸ ಸೇರ್ಪಡೆ – ಅಕೌಂಟ್ಸ್ – ಆದಷ್ಟು ಬೇಗ.

ಅಕೌಂಟೆಂಟ್ ಸೋಮವಾರ, 16ರಂದು ಬಂದು ಮೇಲ್ ಓದಿದರು. ಓದಲಿಲ್ಲ ಎಂದು ಯಾರೂ ಅವರನ್ನು ದೂರುವಂತಿಲ್ಲ. ಒಂಬತ್ತನೆಯ ಸಾಲು ಅವರಿಗೆ ಅರ್ಥವೂ ಆಯಿತು, ಆದರೆ ಅವರ ಕಸುಬಿನ ಅರ್ಥದಲ್ಲಿ. ಜಿಎಸ್‌ಟಿ ನಿಯಮದ ಪ್ರಕಾರ ವ್ಯಾಪಾರದ ಹೆಚ್ಚುವರಿ ಸ್ಥಳ ಸೇರಿದರೆ, ಆ ಬದಲಾವಣೆಯಾದ 15 ದಿನಗಳೊಳಗೆ ಪೋರ್ಟಲ್‌ನಲ್ಲಿ REG-14 ಅರ್ಜಿ ಹಾಕಬೇಕು. ಅವರು ಲೆಕ್ಕ ಹಾಕಿದರು: ಗೋಡೌನ್ ಬದಲಾಗುವುದು ಜುಲೈ 1ಕ್ಕೆ, ಅಂದರೆ ಜುಲೈ 15ರವರೆಗೆ ಸಮಯವಿದೆ. ಜೊತೆಗೆ ಅರ್ಜಿಗೆ ಹೊಸ ಜಾಗದ ಬಾಡಿಗೆ ಕರಾರಿನ ಪ್ರತಿ ಬೇಕು, ಮಾಲೀಕರ ಹೆಸರಿನ ಕರೆಂಟ್ ಬಿಲ್ಲು ಬೇಕು. ಅವೆರಡೂ ಆಡಳಿತದ ಮೇಡಂ ಹತ್ತಿರ ಇರುತ್ತವೆ, ಬಂದಾಗ ಹಾಕಿದರಾಯಿತು. ‘ಆದಷ್ಟು ಬೇಗ’ ಎಂದರೆ ಅವರ ಪಾಲಿಗೆ ಜುಲೈ ಮೊದಲ ವಾರ. ಇದರಲ್ಲಿ ಅವರ ತಪ್ಪೇನೂ ಕಾಣುವುದಿಲ್ಲ.

ಸಭೆಯಲ್ಲಿದ್ದವರ ತಲೆಯಲ್ಲಿ ಅದೇ ಸಾಲಿಗೆ ಬೇರೆಯೇ ಅರ್ಥವಿತ್ತು. ಜುಲೈ 1ರ ಮೊದಲ ಬಿಲ್ಲು ಹರಿಯುವ ಹೊತ್ತಿಗೆ ಹೊಸ ವಿಳಾಸ ನೋಂದಣಿಯಲ್ಲಿ ಬಂದಿರಬೇಕು ಎಂಬುದು ಅವರ ಲೆಕ್ಕ. ನೋಂದಣಿಯಲ್ಲಿ ಇಲ್ಲದ ಜಾಗದಿಂದ ಮಾಲು ಹೊರಟು ದಾರಿಯಲ್ಲಿ ತಪಾಸಣೆಗೆ ನಿಂತರೆ ಉತ್ತರ ಕೊಡುವುದು ಕಷ್ಟ ಎಂದು ಡಿಸ್ಪ್ಯಾಚ್‌ನವರಿಗೆ ಚೆನ್ನಾಗಿ ಗೊತ್ತು. ಅರ್ಜಿ ಹಾಕಿದ ಮೇಲೆ ಅಧಿಕಾರಿಗೆ ಪರಿಶೀಲಿಸಿ ಒಪ್ಪಲು 15 ಕೆಲಸದ ದಿನಗಳ ಅವಕಾಶ ಇರುತ್ತದೆ ಎಂಬುದು ಮಾತ್ರ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದ ಒಬ್ಬರೇ ಒಬ್ಬರು ಹುಬ್ಬಳ್ಳಿಯಲ್ಲಿ ಪಾಯಸ ಬಡಿಸುತ್ತಿದ್ದರು.

ಜೂನ್ 30ರ ಸಂಜೆ ಡಿಸ್ಪ್ಯಾಚ್‌ನವರು ‘ಹೊಸ ಅಡ್ರೆಸ್ ಸಿಸ್ಟಂನಲ್ಲಿ ಹಾಕ್ಲಾ ಸಾರ್’ ಎಂದು ಕೇಳಿದಾಗ ವಿಷಯ ಹೊರಬಿತ್ತು. ‘ಅರ್ಜಿನೇ ಹಾಕಿಲ್ವಲ್ಲ, ಅಗ್ರಿಮೆಂಟ್ ಕಾಪಿ ನನಗೆ ಬಂದೇ ಇಲ್ಲ’ ಎಂದರು ಅಕೌಂಟೆಂಟ್. ‘ನನ್ನನ್ನ ಯಾರೂ ಕೇಳ್ಲೇ ಇಲ್ಲ’ ಎಂದರು ಆಡಳಿತದ ಮೇಡಂ. ‘ಮೇಲ್ ಹಾಕಿದ್ದೆವಲ್ಲ!’ ಎಂದರು ಜನರಲ್ ಮ್ಯಾನೇಜರ್. ಮಾಲು ಅರ್ಧ ಅಲ್ಲಿ, ಅರ್ಧ ಇಲ್ಲಿ. ಹಳೆಯ ಮಾಲೀಕರ ಕೈಕಾಲು ಹಿಡಿದು ಇನ್ನೊಂದು ತಿಂಗಳ ಬಾಡಿಗೆ ಕಟ್ಟಿ ಪೀಣ್ಯದಿಂದಲೇ ಮಾಲು ಕಳಿಸುವುದು ಎಂದಾಯಿತು.

ಇಲ್ಲಿ ಮೇಲ್ ಸರಿಯಾದ ನಮೂನೆಯಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ತೀರ್ಮಾನವಿತ್ತು, ಹೊಣೆ ಇತ್ತು, ಗಡುವಿನಂಥ ಒಂದು ಮಾತಿತ್ತು, ಅಂದೇ ಹೋಗಿತ್ತು, ಎಲ್ಲರಿಗೂ ಹೋಗಿತ್ತು. ತರಬೇತಿ ಕೊಡುವವರ ಮುಂದೆ ಇಟ್ಟರೆ ಹತ್ತಕ್ಕೆ ಎಂಟು ಅಂಕ ಕೊಡುತ್ತಾರೆ. ಹಾಗಾಗಿ ‘ಇನ್ನೂ ನೀಟಾಗಿ ಬರೆಯಬೇಕಿತ್ತು’ ಎಂಬ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಎಡವಟ್ಟು ಇರುವುದು ಸಾರಾಂಶದ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಯಲ್ಲಿ.

ಮೊದಲು ಆ ಹೊಣೆಯ ಕಾಲಂ. ಅಕೌಂಟೆಂಟ್ ಆ ಕೆಲಸ ಒಪ್ಪಿಕೊಂಡಿರಲಿಲ್ಲ, ಅವರ ಪರವಾಗಿ ಬೇರೊಬ್ಬರು ಒಪ್ಪಿದ್ದರು. ಸಭೆಯಲ್ಲಿ ಎದುರಿಗೆ ಕೂತ ಮನುಷ್ಯನಿಗೆ ‘ಇದು ನಿಮ್ಮದು’ ಎಂದಾಗ ಅವನು ಸುಮ್ಮನೆ ತಲೆ ಆಡಿಸುವುದಿಲ್ಲ. ‘ಆಗ್ಲಿ, ಆದ್ರೆ ಅಗ್ರಿಮೆಂಟ್ ನಾಳೆನೇ ಬೇಕು’ ಅನ್ನುತ್ತಾನೆ, ‘30ಕ್ಕೆ ಆಗಲ್ಲ, 10ಕ್ಕೆ ಆಗುತ್ತೆ’ ಅನ್ನುತ್ತಾನೆ. ಒಪ್ಪಿಗೆಯ ಜೊತೆಗೆ ಬರುವ ಈ ‘ಆದರೆ’ಗಳೇ ಕೆಲಸದ ನಿಜವಾದ ಮಾಹಿತಿ. ಬಾರದವನ ಹೆಸರನ್ನು ಕಾಲಂನಲ್ಲಿ ತುಂಬಿದಾಗ ನಮಗೆ ಆ ‘ಆದರೆ’ ಸಿಗುವುದಿಲ್ಲ, ಹೆಸರು ಮಾತ್ರ ಸಿಗುತ್ತದೆ. ಈ ಪ್ರಸಂಗದಲ್ಲಂತೂ ಹೆಸರೂ ಇರಲಿಲ್ಲ, ವಿಭಾಗವಿತ್ತು. ವಿಭಾಗಕ್ಕೆ ಫೋನ್ ಮಾಡಿ ಕೇಳಲು ಬರುವುದಿಲ್ಲ.

ಹಾಗಾದರೆ ಬಾರದವನಿಗೆ ಸಂಬಂಧಿಸಿದ ಕೆಲಸವನ್ನು ಬರೆಯುವುದು ಹೇಗೆ? ನನ್ನ ಉತ್ತರ ಸರಳ. ಸಭೆಯಲ್ಲಿ ಇದ್ದವರಲ್ಲಿ ಒಬ್ಬರ ಮೇಲೆ, ಅವನನ್ನು ಕೇಳುವ ಹೊಣೆ ಬರೆಯಬೇಕು. ಆ ಒಂಬತ್ತನೆಯ ಸಾಲು ಹೀಗಿರಬೇಕಿತ್ತು (ಇಲ್ಲಿ ಹುದ್ದೆ ಹಾಕಿದ್ದೇನೆ, ನಿಜವಾದ ಮೇಲ್‌ನಲ್ಲಿ ಮನುಷ್ಯರ ಹೆಸರೇ ಇರಬೇಕು):

‘ಜುಲೈ 1ರ ಮೊದಲ ಬಿಲ್ಲಿಗೆ ಮುಂಚೆ ಹೊಸ ಗೋಡೌನ್ ಜಿಎಸ್‌ಟಿ ನೋಂದಣಿಯಲ್ಲಿ ಬರಬೇಕೆಂಬುದು ನಮ್ಮ ಅಪೇಕ್ಷೆ. ಅದು ಆಗುತ್ತದೆಯೇ, ಏನೇನು ಕಾಗದ ಬೇಕು ಎಂದು ಅಕೌಂಟೆಂಟ್‌ಗೆ ಫೋನ್ ಮಾಡಿ ಕೇಳಿ ತಿಳಿಸುವವರು: ಆಡಳಿತದ ಮೇಡಂ. ಜೂನ್ 13, ಶುಕ್ರವಾರ ಮಧ್ಯಾಹ್ನ 12ರೊಳಗೆ. ಅಲ್ಲಿಯವರೆಗೆ ಜೂನ್ 30ರ ತಾರೀಖು ಖಚಿತವಲ್ಲ.’

ಇದರಲ್ಲಿ ಅಕೌಂಟೆಂಟ್‌ಗೆ ಯಾವ ಕೆಲಸವನ್ನೂ ಹೊರಿಸಿಲ್ಲ. ಹೊಣೆ ಹೊತ್ತವರು ಕೋಣೆಯಲ್ಲಿದ್ದವರು, ಅವರು ಒಪ್ಪಿದ್ದಾರೆ. ಯಾಕೆ ಬೇಕು ಎಂಬುದು ಇದೆ, ಆದ್ದರಿಂದ ‘ಬೇಗ’ ಎಂಬುದಕ್ಕೆ ಇಬ್ಬರು ಎರಡು ಅರ್ಥ ಹಚ್ಚುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ವಾಕ್ಯ. ಸಭೆಯ ಒಂದು ತೀರ್ಮಾನ ಬಾರದವರ ಉತ್ತರದ ಮೇಲೆ ನಿಂತಿದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಐದು ನಿಮಿಷದ ಆ ಫೋನ್ ಕರೆ ಆಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಕರಾರಿನ ಪ್ರತಿ, ಕರೆಂಟ್ ಬಿಲ್ಲು ಸೋಮವಾರ ಸಿಕ್ಕಿ ಅಂದೇ ಅರ್ಜಿ ಹಾಕಿದರೂ, ರಜೆ ಕಳೆದು 15 ಕೆಲಸದ ದಿನ ಎಣಿಸಿದರೆ ಲೆಕ್ಕ ಜುಲೈ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ. ಅಧಿಕಾರಿ ನಡುವೆ ಏನಾದರೂ ವಿವರಣೆ ಕೇಳಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಅಂದರೆ ಜೂನ್ 30ಕ್ಕೆ ಖಾಲಿ ಮಾಡುವ ತೀರ್ಮಾನವೇ ಕಾಲು ಮುರಿದುಕೊಂಡು ಹುಟ್ಟಿತ್ತು. ಅದು ಶುಕ್ರವಾರ ಮಧ್ಯಾಹ್ನವೇ ಗೊತ್ತಾಗಿದ್ದರೆ ಹಳೆಯ ಮಾಲೀಕರ ಹತ್ತಿರ ಹದಿನೈದು ದಿನ ಹೆಚ್ಚಿಗೆ ಕೇಳಬಹುದಿತ್ತು. ಕೊನೆಯ ದಿನ ಸಂಜೆ ಹೋಗಿ ಕೇಳುವವನ ಹತ್ತಿರ ಯಾವ ಮಾಲೀಕನೂ ಹದಿನೈದು ದಿನದ ಲೆಕ್ಕ ಆಡುವುದಿಲ್ಲ, ತಿಂಗಳ ಬಾಡಿಗೆಯನ್ನೇ ಕೇಳುತ್ತಾನೆ.

ಈಗ ‘24 ಗಂಟೆಯೊಳಗೆ ಆಕ್ಷೇಪಣೆ ಬಾರದಿದ್ದರೆ’ ಎಂಬ ಸಾಲಿಗೆ ಬರೋಣ. ಅದನ್ನು ಬರೆಯುವವರು ಕಾನೂನಿನ ಗತ್ತಿನಲ್ಲಿ ಬರೆಯುತ್ತಾರೆ, ಪ್ರಶ್ನಿಸಿದರೆ ‘ಬೋರ್ಡ್ ಮೀಟಿಂಗ್‌ನಲ್ಲೂ ಹಾಗೇ ಅಲ್ವಾ’ ಎನ್ನುತ್ತಾರೆ. ಬೋರ್ಡ್ ಮೀಟಿಂಗ್‌ನಲ್ಲಿ ನಿಜವಾಗಿ ಏನಿದೆ ನೋಡೋಣ. 2013ರ ಕಂಪನಿ ಕಾಯ್ದೆಯ 118ನೇ ಕಲಂ ನಡಾವಳಿಯ ಬಗ್ಗೆ ಹೇಳುತ್ತದೆ, ಕಂಪನಿ ಸೆಕ್ರೆಟರಿಗಳ ಸಂಸ್ಥೆ ಹೊರಡಿಸಿರುವ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಅನ್ನು ಪಾಲಿಸಬೇಕು ಎಂದೂ ಹೇಳುತ್ತದೆ. ಆ ಸ್ಟ್ಯಾಂಡರ್ಡ್ ಪ್ರಕಾರ ಸಭೆ ಮುಗಿದ 15 ದಿನಗಳೊಳಗೆ ಕರಡು ನಡಾವಳಿಯನ್ನು ಎಲ್ಲ ನಿರ್ದೇಶಕರಿಗೂ, ಬಂದವರಿಗೂ ಬಾರದವರಿಗೂ, ಕಳಿಸಬೇಕು. ಅವರು ಏಳು ದಿನಗಳಲ್ಲಿ ಅಭಿಪ್ರಾಯ ಬರೆದು ತಿಳಿಸಬೇಕು, ತಿಳಿಸದಿದ್ದರೆ ಕರಡನ್ನು ಒಪ್ಪಿದಂತೆ. ಹೌದು, ಮೌನವೇ ಸಮ್ಮತಿ ಎಂಬುದು ಅಲ್ಲಿ ಇದೆ.

ಆದರೆ ಯಾವುದಕ್ಕೆ ಸಮ್ಮತಿ? ಸಭೆಯಲ್ಲಿ ನಡೆದದ್ದನ್ನು ಸರಿಯಾಗಿ ಬರೆದಿದ್ದಾರೆ ಎಂಬುದಕ್ಕೆ. ದಾಖಲೆ ಸರಿ ಇದೆ ಎಂದು ಒಪ್ಪಿದ ನಿರ್ದೇಶಕ, ಅದರಲ್ಲಿ ತನ್ನ ಹೆಸರಿನ ಮುಂದೆ ಬರೆದ ಕೆಲಸವನ್ನು ಇಂಥ ತಾರೀಖಿನೊಳಗೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಂತಾಗುವುದಿಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು. ಅಲ್ಲದೆ ಅಲ್ಲಿ ಕೊಟ್ಟಿರುವುದು ಏಳು ದಿನ, ಇಲ್ಲಿ ನಮ್ಮ ಹುಡುಗರು ಕೊಡುವುದು 24 ಗಂಟೆ, ಅದೂ ರಜೆಯಲ್ಲಿ ಊರಿಗೆ ಹೋದವನಿಗೆ. ದೊಡ್ಡವರ ಕೋಟನ್ನು ಎರವಲು ತಂದು ತೋಳು ಕತ್ತರಿಸಿ ತೊಟ್ಟುಕೊಳ್ಳುವುದೇಕೆ? ಆ ಸಾಲು ಬೇಕೇ ಬೇಕು ಎನ್ನುವುದಾದರೆ ಅದರ ಕೆಲಸವನ್ನು ಅದರ ಮಿತಿಗೆ ಇಳಿಸಬೇಕು: ‘ಸಭೆಯಲ್ಲಿದ್ದವರು ಮಾತು ತಪ್ಪಾಗಿ ದಾಖಲಾಗಿದೆ ಎನಿಸಿದರೆ ಸೋಮವಾರ ಸಂಜೆಯೊಳಗೆ ತಿಳಿಸಿ.’ ಬಾರದವರಿಗೆ ಆ ಪ್ರಶ್ನೆ ಕೇಳುವುದೇ ಅಸಂಬದ್ಧ. ಅವರು ಇರಲೇ ಇಲ್ಲ, ತಪ್ಪೋ ಸರಿಯೋ ಅವರಿಗೆ ಹೇಗೆ ಗೊತ್ತು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಹಗುರವಾದದ್ದೇನಲ್ಲ. ಬಾರದವನಿಗೆ ಇಷ್ಟು ಮರ್ಯಾದೆ ಕೊಟ್ಟರೆ ಕೆಲಸ ತಪ್ಪಿಸಿಕೊಳ್ಳಲು ಸಭೆಗೆ ಬಾರದಿರುವುದೇ ಉಪಾಯವಾಗುವುದಿಲ್ಲವೇ? ‘ನಾನು ಒಪ್ಪಿರಲಿಲ್ಲ’ ಎಂದು ಹೇಳಿಕೊಂಡು ಓಡಾಡುವ ಮಹಾನುಭಾವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಅವರೊಬ್ಬರಿಗಾಗಿ ಹತ್ತು ಜನ ಕಾಯಬೇಕೇ?

ಕಾಯಬೇಕಾಗಿಲ್ಲ. ತೀರ್ಮಾನ ಬೇರೆ, ಕೆಲಸ ಬೇರೆ ಎಂದು ನೆನಪಿಟ್ಟರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ತೀರ್ಮಾನವನ್ನು ಬಾರದವರನ್ನು ಬಿಟ್ಟು ಮಾಡಬಹುದು, ಮಾಡಲೇಬೇಕು. ಗೋಡೌನ್ ಬದಲಿಸಬೇಕೋ ಬೇಡವೋ ಎಂದು ಅಕೌಂಟೆಂಟ್ ಒಪ್ಪಿಗೆಗೆ ಕಾಯುವ ಅಗತ್ಯ ಇರಲಿಲ್ಲ. ಅದನ್ನು ಮೇಲ್‌ನಲ್ಲಿ ‘ಆಗಿದೆ’ ಎಂದು ನೇರವಾಗಿ ಬರೆಯಿರಿ. ಕೆಲಸದ ವಿಷಯಕ್ಕೆ ಬಂದಾಗ ಮಾತ್ರ ಕೇಳಬೇಕು. ಕೇಳಿದರೂ ಉತ್ತರ ಬರಲಿಲ್ಲವೇ? ಆಗ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳದೆ, ‘ಶುಕ್ರವಾರ 12ರವರೆಗೆ ಉತ್ತರ ಸಿಗದಿದ್ದರೆ ಯಾರು ಮಾಡಬೇಕೆಂದು ಜನರಲ್ ಮ್ಯಾನೇಜರ್ ನಿರ್ಧರಿಸುತ್ತಾರೆ’ ಎಂದು ಮೊದಲೇ ಬರೆದಿಡಬೇಕು. ತಪ್ಪಿಸಿಕೊಳ್ಳುವವನಿಗೆ ಇದಕ್ಕಿಂತ ಬಿಗಿಯಾದ ಹಗ್ಗ ಇನ್ನೊಂದಿಲ್ಲ. ಮೌನದಿಂದ ಒಪ್ಪಿದ್ದಾನೆ ಎಂದು ಭಾವಿಸಿಕೊಂಡು ಕೂತರೆ ಅವನಿಗೇ ಅನುಕೂಲ. ಕೊನೆಯ ದಿನದವರೆಗೆ ಯಾರೂ ಅವನ ಹತ್ತಿರ ಬರುವುದಿಲ್ಲ, ಬಂದಾಗ ‘ಮೇಲ್ ನೋಡಿರಲಿಲ್ಲ’ ಎಂದರೆ ಮುಗಿಯಿತು.

ಇನ್ನೊಂದು ನಂಬಿಕೆಯನ್ನೂ ಬಿಡಲಾರೆ. ಸಾರಾಂಶದಲ್ಲಿ ತೀರ್ಮಾನ ಮಾತ್ರ ಇರಬೇಕು, ಚರ್ಚೆ ಬೇಡ, ಕಾರಣ ಬೇಡ, ಚಿಕ್ಕದಾದಷ್ಟೂ ಒಳ್ಳೆಯದು ಎಂದು ಎಲ್ಲ ಕಡೆ ಹೇಳುತ್ತಾರೆ. ಸಭೆಯಲ್ಲಿದ್ದವನಿಗೆ ಇದು ಸರಿ. ಅವನಿಗೆ ಕಾರಣ ನೆನಪಿದೆ, ಅವನಿಗೆ ಬೇಕಾದದ್ದು ಜ್ಞಾಪಕದ ಚೀಟಿ. ಬಾರದವನ ಸ್ಥಿತಿ ಬೇರೆ. ‘ಜೂನ್ 30ಕ್ಕೆ ಹಳೆಯ ಗೋಡೌನ್ ಖಾಲಿ’ ಎಂದು ಓದಿದವನ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ‘ಅಷ್ಟು ಅರ್ಜೆಂಟ್ ಯಾಕೆ?’. ಕಾರಣ ಅಲ್ಲಿಲ್ಲದಿದ್ದರೆ ಅವನು ಎರಡರಲ್ಲಿ ಒಂದು ಮಾಡುತ್ತಾನೆ: ತನಗೆ ತೋಚಿದ ಕಾರಣ ಊಹಿಸಿಕೊಂಡು ಅದಕ್ಕೆ ತಕ್ಕಂತೆ ಕೆಲಸ ಮಾಡುತ್ತಾನೆ, ಇಲ್ಲವೇ ಮುಂದಿನ ಸಭೆಗೆ ಬಂದು ‘ಒಂದು ತಿಂಗಳು ಎರಡೂ ಇಟ್ಕೊಂಡ್ರೆ ಏನಾಗ್ತಿತ್ತು?’ ಎಂದು ಮುಗಿದ ಚರ್ಚೆಯನ್ನು ಮತ್ತೆ ತೆಗೆಯುತ್ತಾನೆ. ಆ ಪ್ರಶ್ನೆಯನ್ನು ಸಭೆಯಲ್ಲಿ ಯಾರೋ ಕೇಳಿಯೇ ಇರುತ್ತಾರೆ, ಅದಕ್ಕೆ ಉತ್ತರವೂ ಬಂದಿರುತ್ತದೆ. ‘ಎರಡನ್ನೂ ಒಂದು ತಿಂಗಳು ಇಟ್ಟುಕೊಳ್ಳುವ ಮಾತು ಬಂತು, ಎರಡು ಬಾಡಿಗೆ ಬೇಡವೆಂದು ಬಿಟ್ಟೆವು’ ಎಂದು ಒಂದು ಸಾಲು ಸೇರಿಸಿದ್ದರೆ ಚರ್ಚೆ ಅಲ್ಲಿಗೆ ನಿಲ್ಲುತ್ತಿತ್ತು. ನಿಲ್ಲದಿದ್ದರೂ ನಷ್ಟವಿಲ್ಲ: ಜಿಎಸ್‌ಟಿಯ ಸಂಗತಿ ಗೊತ್ತಿದ್ದ ಅಕೌಂಟೆಂಟ್ ಆ ಸಾಲು ಓದಿದ ಕೂಡಲೇ ‘ಅಯ್ಯೋ, ಒಂದು ತಿಂಗಳು ಎರಡೂ ಬೇಕೇ ಬೇಕು’ ಎಂದು ಫೋನ್ ಮಾಡುತ್ತಿದ್ದರು. ಬಿಟ್ಟ ದಾರಿ ಯಾವುದೆಂದು ಬರೆದಾಗಲೇ ಅದನ್ನು ಬಿಟ್ಟದ್ದು ತಪ್ಪೋ ಸರಿಯೋ ಎಂದು ಬಾರದವನು ಹೇಳಲು ಸಾಧ್ಯ.

ಉದ್ದವಾದರೆ ಯಾರೂ ಓದುವುದಿಲ್ಲ ಎನ್ನುವಿರಿ. ಒಪ್ಪುತ್ತೇನೆ. ಆದರೆ ಹನ್ನೊಂದು ಸಾಲುಗಳ ಪಟ್ಟಿಯನ್ನೂ ಯಾರೂ ಓದುವುದಿಲ್ಲ, ತಮ್ಮ ಹೆಸರು ಹುಡುಕುತ್ತಾರೆ. ಆ ಹನ್ನೊಂದರಲ್ಲಿ ‘ಹೊಸ ಗೋಡೌನಿನ ಲೈಟಿಂಗ್ ಬಗ್ಗೆ ಚರ್ಚಿಸಲಾಯಿತು’, ‘ಸೆಕ್ಯೂರಿಟಿ ವಿಚಾರ ಗಮನಿಸಲಾಯಿತು’ ಎಂಬಂಥ ನಾಲ್ಕು ಸಾಲುಗಳಿದ್ದವು. ಅವು ತೀರ್ಮಾನಗಳೂ ಅಲ್ಲ, ಕೆಲಸಗಳೂ ಅಲ್ಲ. ಅವನ್ನು ತೆಗೆದರೆ ಕಾರಣದ ಸಾಲುಗಳಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ಸರ್ಕಾರಿ ಸಭೆಗಳ ನಡಾವಳಿ ಓದಿದವರಿಗೆ ಈ ‘ಸೂಚಿಸಲಾಯಿತು, ಗಮನಿಸಲಾಯಿತು, ಕ್ರಮ ವಹಿಸಲು ತಿಳಿಸಲಾಯಿತು’ ಶೈಲಿ ಚಿರಪರಿಚಿತ. ಸೂಚಿಸಿದವರು ಯಾರು, ಕ್ರಮ ವಹಿಸುವವರು ಯಾರು ಎಂಬುದು ಆ ವಾಕ್ಯಗಳಿಂದ ಹೊರಬೀಳುವುದಿಲ್ಲ. ಸರ್ಕಾರವನ್ನು ಮೆಚ್ಚಬೇಕಾದ ಒಂದು ಸಂಗತಿಯೂ ಇಲ್ಲಿದೆ, ಹೇಳಿಬಿಡುತ್ತೇನೆ. ಜಿಲ್ಲೆ, ತಾಲ್ಲೂಕು ಮಟ್ಟದ ಕೆಡಿಪಿ ಸಭೆಗಳಲ್ಲಿ ಹಿಂದಿನ ಸಭೆಯ ಮೇಲಿನ ಅನುಪಾಲನಾ ವರದಿಯನ್ನು ಮುಂದಿನ ಸಭೆಗೆ ಇಡುತ್ತಾರೆ. ಹೇಗೆ ತುಂಬುತ್ತಾರೆ ಎಂಬುದು ಬೇರೆ ಮಾತು, ಆದರೆ ಹಿಂದಿನದಕ್ಕೆ ಉತ್ತರ ಕೊಡದೆ ಹೊಸದಕ್ಕೆ ಹೋಗಬಾರದು ಎಂಬ ವ್ಯವಸ್ಥೆಯಾದರೂ ಇದೆ. ಗಾಜಿನ ಕಟ್ಟಡದ ಖಾಸಗಿ ಕಂಪನಿಗಳಲ್ಲಿ ಎಷ್ಟೋ ಕಡೆ ಅದೂ ಇಲ್ಲ. ಹೊಸ ಮೇಲ್ ಬಂದರೆ ಹಳೆಯದು ಸತ್ತಂತೆ.

ಬಾರದವರಿಗೆ ಎಲ್ಲರಿಗೂ ಹೋಗುವ ಮೇಲ್ ಸಾಲದು ಎಂಬುದನ್ನೂ ಇಲ್ಲೇ ಹೇಳಬೇಕು. ಆ ಮೇಲ್ ಹೋಗಲಿ, ಅದರ ಜೊತೆಗೆ ಬಾರದವರಿಗೆ ಪ್ರತ್ಯೇಕವಾಗಿ ಮೂರು ವಾಕ್ಯ ಹೋಗಬೇಕು: ನೀವಿಲ್ಲದಾಗ ನಿಮಗೆ ಸಂಬಂಧಿಸಿದಂತೆ ಇಷ್ಟು ತೀರ್ಮಾನವಾಗಿದೆ, ನಿಮ್ಮಿಂದ ಈ ಉತ್ತರ ಬೇಕು, ಇಂಥವರು ನಿಮಗೆ ಇಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ. ಇಪ್ಪತ್ತು ಜನರ ಹೆಸರಿರುವ ಮೇಲ್‌ಗೆ ‘ಇದು ಆಗುವುದಿಲ್ಲ’ ಎಂದು ಉತ್ತರಿಸಲು ಎಲ್ಲರಿಗೂ ಧೈರ್ಯ ಬರುವುದಿಲ್ಲ. ಜನರಲ್ ಮ್ಯಾನೇಜರ್ ಅದರಲ್ಲಿದ್ದಾರೆ, ಸೇಲ್ಸ್‌ನವರು ನೋಡುತ್ತಿದ್ದಾರೆ. ಒಬ್ಬರೇ ಒಬ್ಬರಿಗೆ ಬರೆದರೆ ನಿಜ ಹೊರಬರುತ್ತದೆ. ಬಂದ ಮೇಲೆ ಅದನ್ನು ಎಲ್ಲರಿಗೂ ತಿಳಿಸುವಾಗ ಹಳೆಯ ಪಟ್ಟಿಯನ್ನು ಸದ್ದಿಲ್ಲದೆ ತಿದ್ದಬಾರದು. ‘ತಿದ್ದುಪಡಿ: ಖಾಲಿ ಮಾಡುವ ತಾರೀಖು ಜೂನ್ 30ರ ಬದಲು ಜುಲೈ 15’ ಎಂದು ಅದೇ ಮೇಲ್‌ಗೆ ಉತ್ತರವಾಗಿ, ಮೇಲಿನ ಸಾಲಿನಲ್ಲೇ ಹಾಕಬೇಕು. ಸದ್ದಿಲ್ಲದೆ ತಿದ್ದಿದರೆ ಒಬ್ಬರ ಹತ್ತಿರ ಹಳೆಯದು, ಇನ್ನೊಬ್ಬರ ಹತ್ತಿರ ಹೊಸದು ಇರುತ್ತದೆ, ಲಾರಿ ಬುಕ್ ಮಾಡುವವನ ಹತ್ತಿರ ಗ್ಯಾರಂಟಿಯಾಗಿ ಹಳೆಯದೇ ಇರುತ್ತದೆ.

ಮುಂದಿನ ಸಭೆಯ ತಾರೀಖಿನದು ಸಣ್ಣ ಸಂಗತಿ ಎನಿಸಬಹುದು, ಆದರೆ ಬಾರದವನಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಅಲ್ಲೇ. ‘ಮುಂದಿನ ಗುರುವಾರ’ ಎಂದು ಗುರುವಾರ ಸಂಜೆ ಬರೆದ ಮೇಲನ್ನು ಒಬ್ಬರು ಸೋಮವಾರ ಓದುತ್ತಾರೆ. ಅವರಿಗೆ ಅದು ಬರುವ ಗುರುವಾರವೋ, ಅದರಾಚೆಯದೋ? ವಾರದ ಹೆಸರಿನ ಜೊತೆ ತಾರೀಖು, ಗಂಟೆ, ಜಾಗ ಇರಬೇಕು, ಕ್ಯಾಲೆಂಡರ್ ಆಹ್ವಾನ ಬೇರೆಯಾಗಿ ಹೋಗಬೇಕು. ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದಿರುವುದು ಇದು: ಬಾರದವರ ಉತ್ತರದ ಮೇಲೆ ನಿಂತ ತೀರ್ಮಾನವಿದ್ದರೆ, ಮುಂದಿನ ಸಭೆಯ ತಾರೀಖನ್ನು ಅವರನ್ನು ಕೇಳಿಯೇ ಇಡಬೇಕು. ಒಮ್ಮೆ ಬಾರದವರನ್ನು ಎರಡನೆಯ ಸಲವೂ ಬಾರದಂತೆ ಮಾಡುವುದು ಬಂದವರ ಕೈಯಲ್ಲೇ ಇದೆ. ಬಂದವರಿಗೆಲ್ಲ ಸರಿಹೋಗುವ ದಿನ ಹಿಡಿದು, ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಹಾಕುವ ಗಡಿಬಿಡಿಯಲ್ಲಿರುವ ಅಕೌಂಟೆಂಟ್‌ಗೆ 19ರಂದು ಸಭೆ ಇಟ್ಟರೆ ಅವರು ಬರುವುದಾದರೂ ಹೇಗೆ? ಆ ಕಂಪನಿಯಲ್ಲಿ ಮಾಡಿದ್ದೂ ಅದನ್ನೇ. ಜೂನ್ 19ರ ಸಭೆಗೂ ಅವರು ಬರಲಿಲ್ಲ. ಒಂಬತ್ತನೆಯ ಸಾಲು ‘ಪ್ರಗತಿಯಲ್ಲಿದೆ’ ಎಂಬ ಷರಾದೊಂದಿಗೆ ಮತ್ತೊಮ್ಮೆ ಎಲ್ಲರಿಗೂ ಹೋಯಿತು.

ಆ ‘ಪ್ರಗತಿಯಲ್ಲಿದೆ’ಯನ್ನು ಬರೆದದ್ದು ಯಾರು, ಯಾರನ್ನು ಕೇಳಿ ಬರೆದರು? ಬರೆದವಳು ಟ್ರೈನಿ ಹುಡುಗಿ, ಕೇಳಿದ್ದು ಯಾರನ್ನೂ ಅಲ್ಲ. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ತುಂಬಿದ್ದಳು. ಅವಳನ್ನು ಬೈಯುವ ಮೊದಲು ಅವಳಿಗೆ ನಾವು ಎಂಥ ಕೆಲಸ ಕೊಟ್ಟಿದ್ದೇವೆ ನೋಡಿ. ಸಾರಾಂಶ ಬರೆಯುವುದು ಗುಮಾಸ್ತಗಿರಿ, ಕೋಣೆಯಲ್ಲಿ ಎಲ್ಲರಿಗಿಂತ ಕಿರಿಯರು ಮಾಡಲಿ ಎಂಬುದೂ ಈಗಿನ ನಂಬಿಕೆಗಳಲ್ಲಿ ಒಂದು. ಕಿರಿಯರು ಬರೆದುಕೊಳ್ಳಲಿ, ತಪ್ಪಲ್ಲ. ಆದರೆ ಹಿರಿಯರ ಹೆಸರಿನ ಮುಂದೆ ತಾರೀಖು ಹಾಕುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಯಾವುದೇ ಸಾರಾಂಶ ತೆಗೆದು ನೋಡಿ, ಕೈಕೆಳಗಿನವರ ಸಾಲುಗಳಿಗೆಲ್ಲ ತಾರೀಖು ಇರುತ್ತದೆ. ಮೇಲಿನವರ ಸಾಲಿಗೆ ಬಂದಾಗ ‘ಸರ್ ನೋಡುತ್ತಾರೆ’, ‘ಸರ್ ಜೊತೆ ಚರ್ಚಿಸಿ’ ಎಂದಾಗುತ್ತದೆ. ಆ ಹನ್ನೊಂದು ಸಾಲುಗಳಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವ ಸಾಲೂ ಒಂದು. ಅದರ ಮುಂದೆ ‘ಜಿಎಂ ಸರ್’ ಎಂದಿತ್ತು, ತಾರೀಖಿನ ಕಾಲಂನಲ್ಲಿ ಒಂದು ಅಡ್ಡಗೆರೆ ಇತ್ತು. ಸಹಿ ಆದದ್ದು ಜೂನ್ 26ಕ್ಕೆ. ಸಹಿ ಇಲ್ಲದೆ ಕರಾರಿಲ್ಲ, ಕರಾರಿಲ್ಲದೆ ಅರ್ಜಿ ಇಲ್ಲ. ಅಕೌಂಟೆಂಟ್ ಜೂನ್ 16ರಂದೇ ಎದ್ದುಬಿದ್ದು ಓಡಿದ್ದರೂ ಆ ಅಡ್ಡಗೆರೆಯ ಮುಂದೆ ಬಂದು ನಿಲ್ಲುತ್ತಿದ್ದರು. ‘ಮೇಲ್ ಹಾಕಿದ್ದೆವಲ್ಲ’ ಎಂದು ಕೂಗಿದವರು ಆ ಗೆರೆಯನ್ನು ನೋಡಿಕೊಳ್ಳಲಿಲ್ಲ.

ಇದಕ್ಕೆ ಮೇಲ್‌ನಲ್ಲಿ ಮದ್ದಿಲ್ಲ, ಸಭೆಯಲ್ಲಿದೆ. ಏಳುವ ಐದು ನಿಮಿಷ ಮುಂಚೆ, ಬರೆದುಕೊಂಡವರು ಪ್ರತಿ ಸಾಲನ್ನೂ ಎಲ್ಲರ ಎದುರಿಗೆ ಗಟ್ಟಿಯಾಗಿ ಓದಬೇಕು. ಹಾಗೆ ಓದಲು ಹೇಳಬೇಕಾದವರು ಸಭೆ ನಡೆಸುವ ಹಿರಿಯರೇ. ಬಂದವರ ಸಾಲಿಗೆ ಬಂದವರು ‘ಹೂಂ’ ಅನ್ನಬೇಕು, ಬಾರದವರ ಸಾಲಿಗೆ ಅವರನ್ನು ಕೇಳುವವರು ಯಾರೆಂದು ಅಲ್ಲೇ ಗೊತ್ತಾಗಬೇಕು. ಮೇಲಿನವರ ಸಾಲು ಬಂದಾಗ ಆ ಟ್ರೈನಿ ಹುಡುಗಿ ತಲೆಯೆತ್ತಿ ‘ಸರ್, ನಿಮ್ಮ ಸಹಿಗೆ ಯಾವ ತಾರೀಖು ಹಾಕ್ಲಿ?’ ಎಂದು ಕೇಳಬೇಕು, ಜನರಲ್ ಮ್ಯಾನೇಜರ್ ಒಂದು ತಾರೀಖು ಹೇಳುವವರೆಗೆ ಯಾರೂ ಕುರ್ಚಿ ಬಿಟ್ಟು ಏಳಬಾರದು.